ಪ್ರೊಬೇಷನ್ ಮುಗಿದರೂ ಕನ್ಫರ್ಮೇಷನ್ ಪತ್ರ ಬಂದಿಲ್ಲ: ಮ್ಯಾನೇಜರ್ ಹತ್ತಿರ ಏನು ಕೇಳಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಒಂದು ಮಶೀನ್ ಶಾಪ್‌ನಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿ ಆಗಸ್ಟ್ 1ಕ್ಕೆ ಸೇರಿದೆ. ಆರು ತಿಂಗಳ ಪ್ರೊಬೇಷನ್ ಜನವರಿ 31ಕ್ಕೆ ಮುಗಿಯಿತು. ಈಗ ಮಾರ್ಚ್ ಮೊದಲ ವಾರ. ಮ್ಯಾನೇಜರ್ ಸಾಹೇಬರಿಗೆ ಒಮ್ಮೆ ಕೇಳಿದೆ, "ಆಗ್ತದ ತಗೊ" ಅಂದರು. ಎಚ್‌ಆರ್‌ನವರು "ನಿಮ್ಮ ಡಿಪಾರ್ಟ್‌ಮೆಂಟಿನಿಂದ ಬರಬೇಕು" ಅಂತಾರೆ. ನನ್ನ ಜೊತೆ ಸೇರಿದವನಿಗೆ ಪತ್ರ ಬಂದಾಗಿದೆ. ನೇಮಕಾತಿ ಪತ್ರದಲ್ಲಿ "ಪ್ರೊಬೇಷನ್ ಇನ್ನೂ ಮೂರು ತಿಂಗಳು ಮುಂದುವರಿಸಬಹುದು, ಬರವಣಿಗೆಯಲ್ಲಿ ಕನ್ಫರ್ಮ್ ಮಾಡುವ ತನಕ ಪ್ರೊಬೇಷನ್‌ನಲ್ಲೇ ಇರುತ್ತೀರಿ" ಅಂತಿದೆ. ನಾನೀಗ ಕಾಯಂ ಆದಂತೆಯೋ ಇಲ್ಲವೋ? ಮತ್ತೆ ಕೇಳಿದರೆ ತಪ್ಪು ತಿಳಿಯುತ್ತಾರೇನೋ ಅಂತ ಭಯ. ಹೇಗೆ ಕೇಳಲಿ?

ಉತ್ತರ: ಇಲ್ಲ, ನೀವಿನ್ನೂ ಕಾಯಂ ಆಗಿಲ್ಲ. ಆರು ತಿಂಗಳು ಮುಗಿದ ಮಾತ್ರಕ್ಕೆ ಆಗುವುದಿಲ್ಲ. ಆದರೆ ಈಗ ಕೇಳುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ, ಮತ್ತು ಏಪ್ರಿಲ್ 30ರ ಒಳಗೆ ಕೇಳಿ ಮುಗಿಸಬೇಕು. ಆ ತಾರೀಖು ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳುತ್ತೇನೆ. ಅದು ತಿಳಿದರೆ ಕೇಳುವಾಗಿನ ಅರ್ಧ ಭಯ ಹೋಗುತ್ತದೆ.

ಕಾಯಂ ಆದಿರೋ ಇಲ್ಲವೋ ಅನ್ನುವುದು ನೇಮಕಾತಿ ಪತ್ರದ ಆ ಒಂದು ಸಾಲಿನ ಮೇಲೆ ನಿಂತಿದೆ. ಕಂಪನಿಗಳು ಆ ಸಾಲನ್ನು ಸಾಮಾನ್ಯವಾಗಿ ಮೂರು ರೀತಿಯಲ್ಲಿ ಬರೆಯುತ್ತವೆ. ಒಂದರಲ್ಲಿ ಬರೀ ಅವಧಿ ಹೇಳಿ, ಬೇಕಾದರೆ ಮುಂದುವರಿಸಬಹುದು ಅಂತ ಇರುತ್ತದೆ. ಇನ್ನೊಂದರಲ್ಲಿ "ಎಷ್ಟೇ ಮುಂದುವರಿಸಿದರೂ ಒಟ್ಟು ಇಷ್ಟು ತಿಂಗಳು ಮೀರುವಂತಿಲ್ಲ" ಅಂತ ಗಡಿ ಹಾಕಿರುತ್ತಾರೆ. ಮೂರನೆಯದರಲ್ಲಿ "ಪ್ರೊಬೇಷನ್ ಮುಗಿದ ದಿನ ತಾನಾಗಿಯೇ ಕನ್ಫರ್ಮ್ ಆದಂತೆ" ಅಂತ ಬರೆದಿರುತ್ತದೆ. ಇದು ಬಹಳ ಅಪರೂಪ.

ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಬಿಡಿಸಿ ಹೇಳಿದೆ. 1962ರ ಸುಖಬನ್ಸ್ ಸಿಂಗ್ ಪ್ರಕರಣದಲ್ಲಿ, ಅವಧಿ ಮುಗಿದ ಮಾತ್ರಕ್ಕೆ ಪ್ರೊಬೇಷನ್‌ನಲ್ಲಿ ಇರುವವರು ತಾವಾಗಿಯೇ ಕಾಯಂ ಆಗುವುದಿಲ್ಲ ಅಂದಿತು. 1968ರ ಧರಂ ಸಿಂಗ್ ಪ್ರಕರಣ ಪಂಜಾಬಿನ ಶಿಕ್ಷಕರದ್ದು. ಅಲ್ಲಿನ ನಿಯಮದಲ್ಲಿ ಪ್ರೊಬೇಷನ್ ಒಟ್ಟು ಮೂರು ವರ್ಷ ಮೀರುವಂತಿರಲಿಲ್ಲ. ಗಡಿ ದಾಟಿದ ಮೇಲೂ ಸರ್ಕಾರ ಅವರಿಂದ ಕೆಲಸ ಮಾಡಿಸಿಕೊಂಡಿತ್ತು. ಹಾಗಾದರೆ ಒಪ್ಪಿಕೊಂಡು ಕಾಯಂ ಮಾಡಿದಂತೆಯೇ ಅಂತ ಕೋರ್ಟ್ ಹೇಳಿತು. ಇವು ಸರ್ಕಾರಿ ನೌಕರಿಯ ಪ್ರಕರಣಗಳು, ನಿಜ. ಖಾಸಗಿ ಕಾರ್ಖಾನೆಯಲ್ಲಿ ಸೇವಾ ನಿಯಮದ ಜಾಗದಲ್ಲಿ ನಿಮ್ಮ ನೇಮಕಾತಿ ಪತ್ರ ಇರುತ್ತದೆ. ದೊಡ್ಡ ಕಾರ್ಖಾನೆಯಾದರೆ ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದರೆ ಅಲ್ಲಿನ ಕೆಲಸದ ಷರತ್ತುಗಳ ಲಿಖಿತ ನಿಯಮಗಳು ಕೂಡ ಇರುತ್ತವೆ. ಸಾಲನ್ನು ಓದುವ ರೀತಿ ಮಾತ್ರ ಅದೇ.

ನಿಮ್ಮ ಸಾಲನ್ನು ಹಾಗೆ ಓದಿ ನೋಡೋಣ. ಮೊದಲ ಅರ್ಧ "ಇನ್ನೂ ಮೂರು ತಿಂಗಳು" ಅನ್ನುತ್ತದೆ. ಜನವರಿ 31ರಿಂದ ಮೂರು ತಿಂಗಳು ಅಂದರೆ ಏಪ್ರಿಲ್ 30. ಅಲ್ಲಿಯವರೆಗೆ ಕಂಪನಿಗೆ ಜಾಗ ಇದೆ. ಎರಡನೇ ಅರ್ಧ "ಬರವಣಿಗೆಯಲ್ಲಿ ಕನ್ಫರ್ಮ್ ಮಾಡುವ ತನಕ" ಅನ್ನುತ್ತದೆ. ಇದು ಕಂಪನಿಯ ಕೈ ಗಟ್ಟಿ ಮಾಡುವ ಮಾತು. ಏಪ್ರಿಲ್ 30 ದಾಟಿದ ಮೇಲೆ ನೀವು ಮೊದಲ ಅರ್ಧವನ್ನು ತೋರಿಸುತ್ತೀರಿ, ಅವರು ಎರಡನೆಯದನ್ನು ತೋರಿಸುತ್ತಾರೆ. ಆ ವಾದಕ್ಕೆ ಇಳಿಯುವ ಬದಲು ಈಗ, ಇಬ್ಬರಿಗೂ ಸಮಯ ಇರುವಾಗ, ಕಾಗದ ಮಾಡಿಸಿಕೊಳ್ಳುವುದು ಸುಲಭ. ನಿಮ್ಮ ಲೆಕ್ಕದಲ್ಲಿ ಮಾರ್ಚ್ ಕೇಳುವ ತಿಂಗಳು, ಏಪ್ರಿಲ್ ಮುಗಿಸುವ ತಿಂಗಳು.

ಇನ್ನು ನಿಮ್ಮ ಕಾಗದ ಎಲ್ಲಿ ನಿಂತಿರಬಹುದು ಅಂತ ನೋಡೋಣ. ಉದ್ಯಮಬಾಗ, ಮಚ್ಛೆ ಕಡೆಯ ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ಮಾಡಿದವನಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ: ಪತ್ರ ತಡವಾದಾಗ ಹುಡುಗರು "ನನ್ನ ಕೆಲಸ ಇಷ್ಟ ಆಗಿಲ್ಲ" ಅಂತಲೇ ತಿಳಿಯುತ್ತಾರೆ. ಹೆಚ್ಚಿನ ಸಲ ಕಾರಣ ಅದಲ್ಲ. ಫಾರ್ಮ್ ಒಂದು ಮೇಜಿನ ಮೇಲೆ ನಿಂತಿರುತ್ತದೆ, ಅಷ್ಟೆ.

ಫಾರ್ಮಿನ ದಾರಿ ಸಾಮಾನ್ಯವಾಗಿ ಹೀಗೆ. ಪ್ರೊಬೇಷನ್ ಮುಗಿಯುವ ಕೆಲವು ವಾರ ಮೊದಲು ಎಚ್‌ಆರ್ ಹೆಸರುಗಳ ಪಟ್ಟಿ ತೆಗೆದು, ಒಬ್ಬೊಬ್ಬರಿಗೆ ಒಂದು ಕನ್ಫರ್ಮೇಷನ್ ಫಾರ್ಮ್ ಅನ್ನು ಡಿಪಾರ್ಟ್‌ಮೆಂಟ್ ಹೆಡ್‌ಗೆ ಕಳಿಸುತ್ತದೆ. ಅವರು ಹಾಜರಿ, ಕೆಲಸದ ತಿಳಿವಳಿಕೆ, ನಡತೆ ಇಂಥವಕ್ಕೆ ಅಂಕ ಹಾಕಬೇಕು. ಕೆಳಗೆ ಮೂರರಲ್ಲಿ ಒಂದಕ್ಕೆ ಗುರುತು ಮಾಡಬೇಕು: ಕನ್ಫರ್ಮ್ ಮಾಡಿ, ಇಷ್ಟು ತಿಂಗಳು ಮುಂದುವರಿಸಿ, ಅಥವಾ ಬಿಡಿಸಿ. ಆಮೇಲೆ ಪ್ಲಾಂಟ್ ಹೆಡ್ ಸಹಿ. ವಾಪಸ್ ಎಚ್‌ಆರ್‌ಗೆ ಬಂದ ಮೇಲೆ ಪತ್ರ ಟೈಪ್ ಆಗುತ್ತದೆ. ಸಣ್ಣ ಕಾರ್ಖಾನೆಗಳಲ್ಲಿ ಮಾಲೀಕರೇ ಕೊನೆಯ ಸಹಿ ಹಾಕುತ್ತಾರೆ. ಅವರು ಊರಲ್ಲಿ ಇಲ್ಲದಿದ್ದರೆ ಅಲ್ಲಿಯೂ ಒಂದಿಷ್ಟು ದಿನ ಹೋಗುತ್ತದೆ.

ನಿಮ್ಮ ಎಚ್‌ಆರ್ ಹೇಳಿದ ಮಾತು, "ನಿಮ್ಮ ಡಿಪಾರ್ಟ್‌ಮೆಂಟಿನಿಂದ ಬರಬೇಕು" ಅನ್ನುವುದು, ಬಹಳ ಉಪಯೋಗದ ಮಾತು. ಫಾರ್ಮ್ ಎಚ್‌ಆರ್ ಬಿಟ್ಟು ಹೊರಟಿದೆ ಅಂತ ಅದರ ಅರ್ಥ ಆಗಬಹುದು. ಹೊರಟಿಲ್ಲ, ಮ್ಯಾನೇಜರ್ ತಾವೇ ಕೇಳಿ ತರಿಸಿಕೊಳ್ಳಲಿ ಅಂತ ಕಾಯುತ್ತಿದ್ದಾರೆ ಅಂತಲೂ ಆಗಬಹುದು. ಎರಡರಲ್ಲಿ ಯಾವುದು ಅಂತ ನೀವಿನ್ನೂ ಕೇಳಿಲ್ಲ. ಮ್ಯಾನೇಜರ್ ಹತ್ತಿರ ಹೋಗುವ ಮೊದಲು ಎಚ್‌ಆರ್‌ಗೆ ಇಷ್ಟೇ ಕೇಳಿ: "ನನ್ನ ಫಾರ್ಮ್ ಸಾಹೇಬರಿಗೆ ಕಳಿಸೀರೇನ್ರಿ? ಯಾವ ತಾರೀಖಿಗೆ? ನನ್ನ ಫೈಲಿನಾಗ ಯಾವುದರ ಕಾಗದ ಕಡಿಮಿ ಐತೇನು?"

ಆ ಕೊನೆಯ ಪ್ರಶ್ನೆ ಮರೆಯಬೇಡಿ. ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಡಿಪ್ಲೊಮಾ ಅಥವಾ ಡಿಗ್ರಿಯ ಕೊನೆಯ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್, ಮೆಡಿಕಲ್ ರಿಪೋರ್ಟ್ ಇವು ಬಾಕಿ ಉಳಿಯುವುದು ಜಾಸ್ತಿ. ಸೇರುವಾಗ "ಆಮೇಲೆ ಕೊಡ್ತೀನಿ" ಅಂದದ್ದು ಇಬ್ಬರಿಗೂ ಮರೆತಿರುತ್ತದೆ. ಒರಿಜಿನಲ್ ಕೇಳಿದರೆ ತೋರಿಸಿ, ತಾಳೆ ನೋಡಿಸಿ, ವಾಪಸ್ ತನ್ನಿ.

ನಿಮ್ಮದು ಕ್ವಾಲಿಟಿ ವಿಭಾಗವಾದ್ದರಿಂದ ಇನ್ನೊಂದು ಜಾಗ ಇದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಫಾರ್ಮ್ ನಿಂತದ್ದು ಅಲ್ಲೇ: ಸ್ಕಿಲ್ ಮ್ಯಾಟ್ರಿಕ್ಸ್. ಶಾಪ್‌ನ ಗೋಡೆಯ ಮೇಲೆ ಹೆಸರುಗಳ ಮುಂದೆ ನಾಲ್ಕು ಭಾಗ ಮಾಡಿದ ಸಣ್ಣ ವೃತ್ತಗಳಿರುವ ಹಾಳೆ ನೋಡಿರುತ್ತೀರಿ. ಒಂದು ಭಾಗ ತುಂಬಿದ್ದರೆ ಇನ್ನೂ ಕಲಿಯುತ್ತಿದ್ದಾನೆ. ಎರಡಾದರೆ ಯಾರಾದರೂ ಮೇಲೆ ನಿಂತಾಗ ಮಾಡುತ್ತಾನೆ. ಮೂರಾದರೆ ಒಬ್ಬನೇ ಮಾಡಬಲ್ಲ. ನಾಲ್ಕೂ ತುಂಬಿದ್ದರೆ ಬೇರೆಯವರಿಗೆ ಕಲಿಸಬಲ್ಲ. ಕಂಪನಿಗೆ ಕಂಪನಿಗೆ ಸ್ವಲ್ಪ ಬೇರೆ ಇರಬಹುದು, ಲೆಕ್ಕ ಇದೇ. ಐಎಸ್‌ಒ 9001ರ 2015ರ ಆವೃತ್ತಿಯ 7.2ನೇ ಕಲಮು, ಕೆಲಸ ಮಾಡುವವರಿಗೆ ಆ ಕೆಲಸ ಬರುತ್ತದೆ ಅನ್ನುವುದಕ್ಕೆ ದಾಖಲೆ ಇಟ್ಟಿರಬೇಕು ಅನ್ನುತ್ತದೆ. ವಾಹನ ಬಿಡಿಭಾಗ ಮಾಡುವವರ ಐಎಟಿಎಫ್ 16949 ಇದನ್ನು ಇನ್ನೂ ಬಿಗಿ ಮಾಡಿದೆ. ಹಾಗಾಗಿ ಕೆಲವು ಕಂಪನಿಗಳಲ್ಲಿ ಸ್ಕಿಲ್ ಮ್ಯಾಟ್ರಿಕ್ಸ್‌ನಲ್ಲಿ ನಿಮ್ಮ ಹುದ್ದೆಗೆ ಬೇಕಾದ ಮಟ್ಟ ತುಂಬದೆ ಮ್ಯಾನೇಜರ್ "ಕನ್ಫರ್ಮ್" ಅಂತ ಗುರುತು ಹಾಕುವುದಿಲ್ಲ. ಹಾಕಿದರೆ ಮುಂದಿನ ಆಡಿಟ್‌ನಲ್ಲಿ ಅವರೇ ಉತ್ತರ ಕೊಡಬೇಕಾಗುತ್ತದೆ.

ನಾನು ನೋಡಿದ ಒಂದು ಪ್ರಕರಣ ಹೇಳುತ್ತೇನೆ. ನಿಮ್ಮ ಹಾಗೆಯೇ ಕ್ವಾಲಿಟಿಗೆ ಸೇರಿದ ಹುಡುಗ. ಕೆಲಸದಲ್ಲಿ ಚುರುಕು. ಫಸ್ಟ್ ಪೀಸ್ ಇನ್ಸ್‌ಪೆಕ್ಷನ್ ಮಾಡುತ್ತಿದ್ದ, ಬೋರ್ ಗೇಜ್, ಹೈಟ್ ಗೇಜ್ ಹಿಡಿಯುತ್ತಿದ್ದ, ರಿಜೆಕ್ಷನ್ ಬಂದರೆ ಮಶೀನ್ ಹತ್ತಿರ ಹೋಗಿ ಆಪರೇಟರ್ ಜೊತೆ ನಿಂತು ಕಾರಣ ಹುಡುಕುತ್ತಿದ್ದ. ಪ್ರೊಬೇಷನ್ ಮುಗಿದು ಎರಡು ತಿಂಗಳಾದರೂ ಪತ್ರ ಇಲ್ಲ. ಅವನು ಒಳಗೊಳಗೇ ಕುದಿಯುತ್ತಿದ್ದ, ಬೇರೆ ಕಡೆ ಅರ್ಜಿಯನ್ನೂ ಹಾಕಿದ್ದ. ಫಾರ್ಮ್ ತೆಗೆದು ನೋಡಿದರೆ ಎಲ್ಲ ಅಂಕವೂ ಚೆನ್ನಾಗಿತ್ತು. ಸಿಎಂಎಂ ಅನ್ನುವ ಒಂದೇ ಸಾಲು ಖಾಲಿ. ಅವನಿಗೆ ಆ ಮಶೀನಿನ ಮೇಲೆ ತರಬೇತಿ ಆಗಿತ್ತು, ಹಾಜರಿ ಹಾಳೆಯಲ್ಲಿ ಸಹಿಯೂ ಇತ್ತು. ಆದರೆ ತರಬೇತಿಯ ನಂತರ ಅವನು ಒಬ್ಬನೇ ಒಂದು ಪಾರ್ಟ್ ಅಳೆದು ತೋರಿಸಿ, ಮೇಲಿನವರು ನೋಡಿ ಸಹಿ ಹಾಕಬೇಕಿದ್ದ ಹಾಳೆ ಆಗಿರಲಿಲ್ಲ. ಆ ಸಮಯಕ್ಕೆ ಕಸ್ಟಮರ್ ಆಡಿಟ್ ಬಂದು ಎಲ್ಲರೂ ಅದರಲ್ಲಿ ಮುಳುಗಿದ್ದರು. ಮ್ಯಾನೇಜರ್ ಅದು ಆದ ಮೇಲೆ ಸಹಿ ಮಾಡೋಣ ಅಂತ ಫಾರ್ಮ್ ಡ್ರಾಯರ್‌ನಲ್ಲಿ ಇಟ್ಟರು. ಹುಡುಗನಿಗೆ ಹೇಳಲಿಲ್ಲ. ಹುಡುಗ ಕೇಳಲಿಲ್ಲ. ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಅವನು ಸಿಎಂಎಂ ಮೇಲೆ ಒಂದು ಹೌಸಿಂಗ್ ಅಳೆದು ತೋರಿಸಿದ. ಮುಂದಿನ ವಾರ ಪತ್ರ ಬಂತು.

ಅವನು ಮೊದಲ ಸಲ ಕೇಳಿದ್ದು ಏನು ಗೊತ್ತಾ? "ಸರ್, ನನ್ನ ಕನ್ಫರ್ಮೇಷನ್ ಯಾವಾಗ?" ಅಂತ. ಅದಕ್ಕೆ ಸಿಕ್ಕ ಉತ್ತರವೂ ನಿಮಗೆ ಸಿಕ್ಕದ್ದೇ. "ಯಾವಾಗ" ಅಂತ ಕೇಳಿದರೆ "ಆಗ್ತದ" ಅಂತ ಉತ್ತರ ಬರುವುದು ಸಹಜ. ಏಕೆಂದರೆ ಮ್ಯಾನೇಜರ್‌ಗೂ ತಾರೀಖು ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿರುವುದು ಬೇರೆ ಎರಡು ವಿಷಯ: ಫಾರ್ಮ್ ಎಲ್ಲಿದೆ, ಅದರಲ್ಲಿ ಏನು ತುಂಬಿಲ್ಲ. ಆದ್ದರಿಂದ ಆ ಎರಡನ್ನೇ ಕೇಳಬೇಕು.

ಹೋಗುವ ಮೊದಲು ಒಂದು ಹಾಳೆ ತಯಾರು ಮಾಡಿಕೊಳ್ಳಿ. ಒಂದೇ ಪುಟ ಸಾಕು. ಸೇರುವಾಗ ನಿಮಗೆ ಕೊಟ್ಟ ಕೆಲಸದ ವಿವರ ಅಥವಾ ಟಾರ್ಗೆಟ್ ಶೀಟ್ ಇದ್ದರೆ ಅದರ ಸಾಲುಗಳನ್ನೇ ಎಡಗಡೆ ಬರೆಯಿರಿ. ಇಲ್ಲದಿದ್ದರೆ ಸ್ಕಿಲ್ ಮ್ಯಾಟ್ರಿಕ್ಸ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಇರುವ ಸಾಲುಗಳು. ಬಲಗಡೆ ಆಯಿತೋ ಬಾಕಿಯೋ, ಆಗಿದ್ದರೆ ದಾಖಲೆ ಎಲ್ಲಿದೆ ಅಂತ ಬರೆಯಿರಿ. "ಕೆಲಸ ಚೆನ್ನಾಗಿ ಮಾಡಿದ್ದೇನೆ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. "ಫಸ್ಟ್ ಪೀಸ್ ಇನ್ಸ್‌ಪೆಕ್ಷನ್: ಅಕ್ಟೋಬರ್‌ನಿಂದ ಎರಡನೇ ಶಿಫ್ಟ್‌ನಲ್ಲಿ ಒಬ್ಬನೇ ಮಾಡುತ್ತಿದ್ದೇನೆ, ರಿಜಿಸ್ಟರ್‌ನಲ್ಲಿ ಸಹಿ ಇದೆ" ಅಂತ ಬರೆದರೆ ಮ್ಯಾನೇಜರ್ ಅದನ್ನು ನೋಡಿಯೇ ಫಾರ್ಮ್ ತುಂಬಬಹುದು. ಕಸ್ಟಮರ್ ಕಂಪ್ಲೇಂಟ್‌ಗೆ 8ಡಿ ರಿಪೋರ್ಟ್ ಬರೆಯಲು ಸಹಾಯ ಮಾಡಿದ್ದರೆ ಯಾವ ಪಾರ್ಟ್, ಯಾವ ತಿಂಗಳು ಅಂತ ಬರೆಯಿರಿ. ಗೇಜ್ ಕ್ಯಾಲಿಬ್ರೇಷನ್ ಪಟ್ಟಿ ನೋಡಿಕೊಳ್ಳುತ್ತಿದ್ದರೆ ಅದನ್ನೂ ಬರೆಯಿರಿ. ಆಗದೇ ಇರುವುದನ್ನು ಮುಚ್ಚಿಡಬೇಡಿ. ಬಾಕಿ ಅಂತ ನೀವೇ ಬರೆದ ಸಾಲಿಗೆ ಮ್ಯಾನೇಜರ್ ದಾರಿ ಹೇಳುತ್ತಾರೆ. ಅವರೇ ಕಂಡುಹಿಡಿದ ಸಾಲಿಗೆ ಕಾರಣ ಕೇಳುತ್ತಾರೆ.

ಹೊತ್ತು ನೋಡಿ ಹೋಗಿ. ತಿಂಗಳ ಕೊನೆಯ ಡಿಸ್ಪ್ಯಾಚ್ ದಿನಗಳು ಬೇಡ. ಆಡಿಟ್ ವಾರ ಬೇಡ. ಲೈನ್ ರಿಜೆಕ್ಷನ್ ಬಂದ ಬೆಳಿಗ್ಗೆ ಖಂಡಿತ ಬೇಡ. ಶಾಪ್‌ನಲ್ಲಿ ನಾಲ್ಕು ಜನರ ಮುಂದೆ, ಚಹಾ ಕುಡಿಯುತ್ತ ಕೇಳಬೇಡಿ. ಅಲ್ಲಿ ಕೇಳಿದ್ದಕ್ಕೆ ಅಲ್ಲಿಯದೇ ಉತ್ತರ ಬರುತ್ತದೆ. ನಿಮ್ಮ ಮೊದಲ ಸಲದ ಪ್ರಶ್ನೆಯೂ ಹಾಗೆಯೇ ನಡುದಾರಿಯಲ್ಲಿ ಕೇಳಿದ್ದು ಅಂತ ನನ್ನ ಊಹೆ. ಮಾರ್ಚ್ ಕೊನೆಗೆ ಲೆಕ್ಕದ ವರ್ಷವೂ ಮುಗಿಯುತ್ತದೆ, ಎಲ್ಲರ ತಲೆಯಲ್ಲೂ ಅದೇ ಇರುತ್ತದೆ. ಹಾಗಾಗಿ ನೀವು 15ನೇ ತಾರೀಖಿನ ಒಳಗೇ ಹೋಗುವುದು ಒಳ್ಳೆಯದು. ಮೊದಲು ಸಮಯ ಕೇಳಿ, ಆಮೇಲೆ ವಿಷಯ ಕೇಳಿ:

"ಸರ್, ನನ್ನ ಕನ್ಫರ್ಮೇಷನ್ ಬಗ್ಗೆ ಒಂದ್ ಹತ್ ನಿಮಿಷ ಮಾತಾಡೂದಿತ್ರಿ. ಇವತ್ ಸಂಜೀಕ ಆಗ್ತದೋ, ನಾಳೆ ಬರ್ಲ್ಯೋ?"

ವಿಷಯ ಮೊದಲೇ ಹೇಳಿಬಿಡುವುದರಿಂದ ಅವರು ಫಾರ್ಮ್ ಹುಡುಕಿ ಇಟ್ಟುಕೊಳ್ಳಬಹುದು. ಒಳಗೆ ಹೋದ ಮೇಲೆ ಎರಡೇ ಪ್ರಶ್ನೆ, ಒಂದಾದ ಮೇಲೆ ಒಂದು:

"ಸರ್, ಎಚ್‌ಆರ್‌ನವರು ಫೆಬ್ರವರಿಯೊಳಗ ಫಾರ್ಮ್ ಕಳಿಸೀವಿ ಅಂತಾರ್ರಿ. ಅದು ನಿಮ್ಮ ಕಡೆ ಬಂದೈತೇನ್ರಿ?"

"ಅದರಾಗ ನನ್ನ ಕಡೆಯಿಂದ ಏನರ ಬಾಕಿ ಇದ್ರ ಹೇಳ್ರಿ ಸರ್. ನಾ ಒಂದ್ ಪಟ್ಟಿ ಮಾಡ್ಕೊಂಡ್ ಬಂದೀನಿ. ಯಾವುದು ಯಾವ ತಾರೀಖಿನೊಳಗ ಮುಗಿಸ್ಲಿ?"

ಮೊದಲನೆಯದರಲ್ಲಿ ಎಚ್‌ಆರ್ ನಿಮಗೆ ನಿಜವಾಗಿ ಹೇಳಿದ ತಿಂಗಳನ್ನೇ ಹೇಳಿ. ಕಳಿಸಿಲ್ಲ ಅಂದಿದ್ದರೆ "ಫಾರ್ಮ್ ನಿಮ್ಮ ಕಡೆಯಿಂದ ಕೇಳಿ ತರಿಸ್ಕೋಬೇಕಂತ ಸರ್" ಅಂತ ಹೇಳಿ. ಎರಡನೆಯದನ್ನು ಕೇಳುವಾಗ ಹಾಳೆ ಮುಂದಿಡಿ. ಬೆಳಗಾವಿಯಲ್ಲಿ ಮ್ಯಾನೇಜರ್ ಮರಾಠಿ ಮಾತಾಡುವವರಾಗಿದ್ದು, ನಿಮ್ಮ ದಿನದ ಮಾತು ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯುತ್ತಿದ್ದರೆ ಇದನ್ನೂ ಅದರಲ್ಲೇ ಕೇಳಿ. ದಿನವೂ ಮಾತಾಡುವ ಭಾಷೆಯಲ್ಲಿ ಕೇಳಿದರೆ ದೂರು ಅನ್ನಿಸುವುದಿಲ್ಲ.

ಜೊತೆಗಾರನ ಹೆಸರು ಮಾತ್ರ ತೆಗೆಯಬೇಡಿ. "ಅವನಿಗೆ ಬಂತು, ನನಗೆ ಯಾಕಿಲ್ಲ" ಅಂದ ಕೂಡಲೇ ಮಾತು ನಿಮ್ಮ ಫಾರ್ಮ್ ಬಿಟ್ಟು ಅವನ ಕಡೆ ಹೋಗುತ್ತದೆ. ಅವನ ಪತ್ರದ ಸಾಲು ಬೇರೆ ಇರಬಹುದು, ವಿಭಾಗ ಬೇರೆ ಇರಬಹುದು, ಅವನ ಮ್ಯಾನೇಜರ್ ಅದೇ ದಿನ ಸಹಿ ಮಾಡುವವರಿರಬಹುದು.

ಈಗ ಉತ್ತರಗಳ ವಿಷಯ. "ಫಾರ್ಮ್ ಬಂದೇ ಇಲ್ಲ" ಅಂದರೆ ಸುಲಭ. "ಹಾಗಾದ್ರ ಎಚ್‌ಆರ್‌ಗೆ ನಿಮ್ಮ ಕಡೆಯಿಂದ ಒಂದು ಮೇಲ್ ಹಾಕಿಸ್ಲ್ಯಾ ಸರ್?" ಅಂತ ಕೇಳಿ, ಅವರು ಹೂಂ ಅಂದರೆ ನೀವೇ ಎಚ್‌ಆರ್‌ಗೆ ಬರೆದು ಮ್ಯಾನೇಜರ್‌ಗೆ ಪ್ರತಿ ಹಾಕಿ. "ಬಂದದ, ತುಂಬಬೇಕು" ಅಂದರೆ ನಿಮ್ಮ ಹಾಳೆ ಅಲ್ಲೇ ಬಿಟ್ಟು ಬನ್ನಿ. ಅದರ ಕೆಲಸ ಶುರುವಾಗುವುದೇ ಆಗ. "ಇಂಥದ್ದು ಇನ್ನೂ ಆಗಿಲ್ಲ" ಅಂದರೆ ಅದು ನಿಮಗೆ ಬೇಕಾಗಿದ್ದ ಉತ್ತರ. ಬೇಜಾರು ಮಾಡಿಕೊಳ್ಳದೆ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಏನು ಮಾಡಿ ತೋರಿಸಬೇಕು, ಯಾರು ನೋಡಿ ಸಹಿ ಹಾಕುತ್ತಾರೆ, ಯಾವ ತಾರೀಖಿಗೆ. "ಇನ್ನಷ್ಟು ಇಂಪ್ರೂವ್ ಆಗಬೇಕು" ಅನ್ನುವ ಮಾತಿಗೆ ತಲೆಯಾಡಿಸಿ ಹೊರಬರಬೇಡಿ. "ಯಾವುದರಾಗ ಸರ್? ಒಂದ್ ಉದಾಹರಣೆ ಹೇಳಿದ್ರ ತಿಳೀತದ್ರಿ" ಅಂತ ಮೆತ್ತಗೆ ಕೇಳಿ. ಡ್ರಾಯಿಂಗ್ ಓದುವುದೋ, ರಿಪೋರ್ಟ್ ತಡವಾಗುವುದೋ, ರಜೆ ಜಾಸ್ತಿ ಆದದ್ದೋ, ಒಂದು ಹೆಸರು ಹೊರಬರಬೇಕು. ಹೆಸರಿಲ್ಲದ ಕೊರತೆಯನ್ನು ಮುಗಿಸಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ಉತ್ತರ ಇದೆ, ಅದನ್ನು ಗಮನಿಸಬೇಕು. "ಮ್ಯಾನೇಜ್‌ಮೆಂಟ್ ಸದ್ಯ ತಡೀರಿ ಅಂದದ" ಅಂದರೆ ಸಂಗತಿ ನಿಮ್ಮ ಕೆಲಸದ್ದಲ್ಲ. ಆರ್ಡರ್ ಕಡಿಮೆಯಾಗಿರಬಹುದು, ಸಂಬಳ ಏರಿಸುವುದನ್ನು ಒಟ್ಟಿಗೆ ತಡೆದಿರಬಹುದು. ಅಲ್ಲಿ ನಿಮ್ಮ ಪಟ್ಟಿ ಎಷ್ಟು ಚೆನ್ನಾಗಿದ್ದರೂ ಮ್ಯಾನೇಜರ್ ಕೈಯಲ್ಲಿ ಏನೂ ಇರುವುದಿಲ್ಲ. ಹೀಗಿದ್ದಾಗ ಒಂದು ಮಾತು ಮಾತ್ರ ಕೇಳಿ: "ನಿಮ್ಮ ಶಿಫಾರಸು ಆಗೇದೇನ್ರಿ ಸರ್?" ಮ್ಯಾನೇಜರ್ ಕನ್ಫರ್ಮ್ ಅಂತ ಗುರುತು ಮಾಡಿ ಮೇಲೆ ಕಳಿಸಿದ್ದರೆ ನಿಮ್ಮ ಮಟ್ಟಿಗೆ ಬಾಕಿ ಏನೂ ಇಲ್ಲ. ಮುಂದೆ ಮಾತಾಡಬೇಕಾದದ್ದು ಎಚ್‌ಆರ್ ಜೊತೆ.

ಮಾತು ಮುಗಿದ ದಿನವೇ ಒಂದು ಸಣ್ಣ ಮೇಲ್ ಹಾಕಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮ್ಯಾನೇಜರ್ ಬದಲಾದರೆ, ಎಚ್‌ಆರ್‌ನವರು ಬಿಟ್ಟು ಹೋದರೆ ಉಳಿಯುವುದು ಅದೊಂದೇ. ಕಂಪನಿಯ ಮೇಲ್ ಇಂಗ್ಲಿಷ್‌ನಲ್ಲಿ ನಡೆಯುತ್ತಿದ್ದರೆ ಇದೇ ಸಂಗತಿಯನ್ನು ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ. ಸಂಗತಿ ಇಷ್ಟಿರಲಿ:

"ಮಾನ್ಯರೇ, ಇಂದು ನನ್ನ ಕನ್ಫರ್ಮೇಷನ್ ಬಗ್ಗೆ ಮಾತಾಡಲು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ನನ್ನ ಪ್ರೊಬೇಷನ್ ಜನವರಿ 31ಕ್ಕೆ ಮುಗಿದಿದೆ. ಫಾರ್ಮ್ ತಮ್ಮ ಬಳಿ ಇದೆ ಎಂದು ತಿಳಿಸಿದಿರಿ. ಸಿಎಂಎಂ ಮೇಲೆ ಒಂದು ಪಾರ್ಟ್ ಸ್ವತಂತ್ರವಾಗಿ ಅಳೆದು ತೋರಿಸುವುದು ಮತ್ತು ಡಿಸೆಂಬರ್ ತಿಂಗಳ ತರಬೇತಿ ಹಾಳೆಗೆ ಸಹಿ ಪಡೆಯುವುದು ಬಾಕಿ ಇದೆ ಎಂದೂ ತಿಳಿಸಿದಿರಿ. ಇವೆರಡನ್ನು ಮಾರ್ಚ್ 25ರೊಳಗೆ ಮುಗಿಸಿ ತಮಗೆ ತಿಳಿಸುತ್ತೇನೆ. ನಾನು ಬರೆದುಕೊಂಡದ್ದರಲ್ಲಿ ಏನಾದರೂ ಬಿಟ್ಟಿದ್ದರೆ ದಯವಿಟ್ಟು ತಿಳಿಸಿ."

ಇದರಲ್ಲಿ ಎಲ್ಲಿಯೂ ದೂರು ಇಲ್ಲ, "ಏಕೆ ತಡ" ಅನ್ನುವ ಮಾತೂ ಇಲ್ಲ. ಆದರೂ ನಾಲ್ಕು ಸಂಗತಿ ಕಾಗದದ ಮೇಲೆ ಬಂದವು: ಅವಧಿ ಮುಗಿದ ದಿನ, ಫಾರ್ಮ್ ಇರುವ ಜಾಗ, ಬಾಕಿ ಇರುವುದು, ಮುಗಿಯುವ ದಿನ. ಮಾರ್ಚ್ 25ಕ್ಕೆ ಎರಡನ್ನೂ ಮುಗಿಸಿ, ಅದೇ ಮೇಲ್‌ಗೆ ಉತ್ತರವಾಗಿ "ಎರಡೂ ಆಗಿವೆ, ಸಹಿ ಮಾಡಿದ ಹಾಳೆ ಜೊತೆಗಿದೆ" ಅಂತ ಹಾಕಿ, ಎಚ್‌ಆರ್‌ಗೆ ಪ್ರತಿ ಹಾಕಿ. ಮೊದಲ ಮೇಲ್‌ಗೇ ಎಚ್‌ಆರ್ ಹೆಸರು ಸೇರಿಸಬೇಡಿ. ಮೇಲಿನವರಿಗೆ ತೋರಿಸಲು ಬರೆದಂತೆ ಕಾಣುತ್ತದೆ, ಮ್ಯಾನೇಜರ್‌ಗೆ ನೋವಾಗುತ್ತದೆ. ಕೆಲಸ ಮುಗಿದ ಮೇಲೆ ಸೇರಿಸಿದರೆ ಯಾರಿಗೂ ಬೇಜಾರಿಲ್ಲ.

ಅವರು "ಇನ್ನೂ ಮೂರು ತಿಂಗಳು ಮುಂದುವರಿಸೋಣ" ಅಂದರೆ? ನಿಮ್ಮ ಪತ್ರದ ಪ್ರಕಾರ ಅದಕ್ಕೆ ಅವಕಾಶ ಇದೆ. ಆದರೆ ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ, ಪತ್ರ ಕೇಳಿ. ಅದರಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಇರಬೇಕು. ಯಾವ ಕಾರಣಕ್ಕೆ, ಏನು ಮುಗಿಸಿದರೆ ಕನ್ಫರ್ಮ್ ಅಂತ ಒಂದೆರಡು ಸಾಲು ಬರೆಯಿಸಿಕೊಂಡರೆ ಇನ್ನೂ ಒಳ್ಳೆಯದು. ಮುಖ್ಯವಾಗಿ ನೋಡಬೇಕಾದದ್ದು ಶುರುವಾಗುವ ತಾರೀಖು. ಫೆಬ್ರವರಿ 1ರಿಂದ ಮೂರು ತಿಂಗಳಾದರೆ ಏಪ್ರಿಲ್ 30ಕ್ಕೆ ಮುಗಿಯಿತು. ಪತ್ರ ಕೊಟ್ಟ ದಿನದಿಂದ, ಅಂದರೆ ಮಾರ್ಚ್ ನಡುವಿನಿಂದ ಮೂರು ತಿಂಗಳು ಅಂತ ಬರೆದರೆ ಜೂನ್‌ವರೆಗೆ ಹೋಗುತ್ತದೆ. ನಿಮ್ಮ ನೇಮಕಾತಿ ಪತ್ರ ಅಷ್ಟು ದೂರಕ್ಕೆ ಅವಕಾಶ ಕೊಡುವುದಿಲ್ಲ. "ಸರ್, ಪತ್ರದಾಗ ಆರು ಮತ್ತ ಮೂರು, ಒಟ್ಟು ಒಂಬತ್ತು ತಿಂಗಳ ಅಂತೈತ್ರಿ. ಏಪ್ರಿಲ್ 30 ಆಗಬೇಕಲ್ರಿ?" ಅಂತ ತೋರಿಸಿ. ಬಹಳ ಸಲ ಟೈಪ್ ಮಾಡಿದವರು ಹಳೇ ಪತ್ರವನ್ನೇ ತೆಗೆದು ತಾರೀಖು ಬದಲಿಸಿರುತ್ತಾರೆ, ತಿದ್ದಿ ಕೊಡುತ್ತಾರೆ.

ಈ ನಡುವೆ ನಿಮಗೆ ಏನು ನಷ್ಟ ಆಗುತ್ತಿದೆ, ಏನು ಆಗುತ್ತಿಲ್ಲ ಅಂತಲೂ ತಿಳಿದಿರಲಿ. ಪಿಎಫ್ ಮತ್ತು ಇಎಸ್‌ಐಗೆ ಪ್ರೊಬೇಷನ್ ಲೆಕ್ಕಕ್ಕಿಲ್ಲ. ಅನ್ವಯವಾಗುವವರಿಗೆ ಸೇರಿದ ದಿನದಿಂದಲೇ ಕಟ್ಟಬೇಕು. ಮೂಲ ವೇತನ ಮತ್ತು ಡಿಎ ಸೇರಿ ತಿಂಗಳಿಗೆ 15,000 ರೂಪಾಯಿ ಒಳಗಿದ್ದರೆ ಪಿಎಫ್ ಕಡ್ಡಾಯ, ಇಎಸ್‌ಐಗೆ ವೇತನದ ಮಿತಿ 21,000. "ಕನ್ಫರ್ಮ್ ಆದ ಮೇಲೆ ಪಿಎಫ್" ಅಂತ ಯಾರಾದರೂ ಹೇಳಿದರೆ ಅದು ತಪ್ಪು. ಉಮಂಗ್ ಆಪ್‌ನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆದು ಆಗಸ್ಟ್‌ನಿಂದ ಕಟ್ಟಿದ್ದಾರೋ ನೋಡಿ. ಗ್ರಾಚ್ಯುಟಿಗೂ ಸೇವೆ ಎಣಿಸುವುದು ಸೇರಿದ ದಿನದಿಂದ, ಕನ್ಫರ್ಮೇಷನ್ ದಿನದಿಂದ ಅಲ್ಲ.

ನಷ್ಟ ಆಗುವುದು ಬೇರೆ ಕಡೆ. ಕನ್ಫರ್ಮ್ ಆದ ಮೇಲೆ ಏರುವ ಸಂಬಳ, ಕೆಲವು ಕಡೆ ಗಳಿಕೆ ರಜೆ ಬಳಸುವ ಅವಕಾಶ, ಮನೆಯವರನ್ನೂ ಸೇರಿಸುವ ಮೆಡಿಕಲ್ ಪಾಲಿಸಿ, ವರ್ಷದ ಇನ್‌ಕ್ರಿಮೆಂಟ್ ಪಟ್ಟಿಯಲ್ಲಿ ಹೆಸರು. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಕೊಡುವ ಕಂಪನಿಯಾದರೆ, ಮಾರ್ಚ್ 31ಕ್ಕೆ ಕನ್ಫರ್ಮ್ ಆಗಿರದವರನ್ನು ಆ ವರ್ಷ ಬಿಡುವ ಪದ್ಧತಿ ಕೆಲವು ಕಡೆ ಇದೆ. ನಿಮ್ಮಲ್ಲಿ ಹೇಗೆ ಅಂತ ಎಚ್‌ಆರ್‌ಗೆ ಈಗಲೇ ಕೇಳಿ. ಹಾಗಿದ್ದರೆ ಮ್ಯಾನೇಜರ್‌ಗೆ ಅದನ್ನು ಹೇಳಬಹುದು, ತಪ್ಪೇನಿಲ್ಲ. ಸಹಿಗೆ ಒಂದು ಕಾರಣ ಸಿಕ್ಕಂತಾಗುತ್ತದೆ.

ಒಂದು ಬದಲಾವಣೆ ಮಾತ್ರ ನಿಮ್ಮ ಕಡೆಯೂ ಭಾರ ಹಾಕುತ್ತದೆ: ನೋಟಿಸ್ ಅವಧಿ. ಪ್ರೊಬೇಷನ್‌ನಲ್ಲಿ ಹದಿನೈದು ದಿನವೋ ಒಂದು ತಿಂಗಳೋ ಇದ್ದದ್ದು, ಕನ್ಫರ್ಮ್ ಆದ ಮೇಲೆ ಎರಡು ಮೂರು ತಿಂಗಳಾಗಬಹುದು. ಬೇರೆ ಕಡೆ ಸಂದರ್ಶನ ಮುಗಿಸಿ ಆಫರ್ ಕಾಯುತ್ತಿದ್ದರೆ ಕನ್ಫರ್ಮೇಷನ್‌ಗೆ ಒತ್ತಾಯ ಮಾಡುವ ಮೊದಲು ನೇಮಕಾತಿ ಪತ್ರದ ಆ ಕಲಮನ್ನೂ ಓದಿ.

ಏಪ್ರಿಲ್ ಮಧ್ಯ ಬಂದರೂ ಕನ್ಫರ್ಮೇಷನ್ ಪತ್ರವೂ ಇಲ್ಲ, ಮುಂದುವರಿಸಿದ ಪತ್ರವೂ ಇಲ್ಲ ಅಂತಾದರೆ ಎಚ್‌ಆರ್‌ಗೆ ನೇರವಾಗಿ ಬರೆಯಿರಿ, ಮ್ಯಾನೇಜರ್‌ಗೆ ಪ್ರತಿ ಇರಲಿ. ಹಿಂದಿನ ಎರಡು ಮೇಲ್ ಜೊತೆಗಿಟ್ಟು, ಬಾಕಿ ಎಲ್ಲ ಮುಗಿದಿದೆ, ಏಪ್ರಿಲ್ 30ಕ್ಕೆ ಒಂಬತ್ತು ತಿಂಗಳಾಗುತ್ತದೆ, ಅದರೊಳಗೆ ನನ್ನ ಸ್ಥಿತಿ ಬರವಣಿಗೆಯಲ್ಲಿ ತಿಳಿಸಿ ಅಂತ ಕೇಳಿ. ಇಷ್ಟಾದ ಮೇಲೂ ಉತ್ತರ ಬರದೆ, ಕೆಲಸ ಮಾತ್ರ ಮೇ ತಿಂಗಳಲ್ಲೂ ಮಾಡಿಸಿಕೊಳ್ಳುತ್ತಿದ್ದರೆ, ನಿಮ್ಮ ಪತ್ರದ ಮೊದಲ ಅರ್ಧಕ್ಕೆ ಬಲ ಬರುತ್ತದೆ. ಆಗ ಕಾಗದಗಳನ್ನೆಲ್ಲ ತೆಗೆದುಕೊಂಡು ಒಬ್ಬ ಕಾರ್ಮಿಕ ವಕೀಲರನ್ನು ಕಾಣಬಹುದು. ಆದರೆ ಸರಿಯಾಗಿ ಕೇಳಿದ ಪ್ರಕರಣಗಳು ಅಲ್ಲಿಗೆ ಹೋದದ್ದನ್ನು ನಾನು ಕಂಡದ್ದು ಕಡಿಮೆ.

ಪತ್ರ ಕೈಗೆ ಬಂದಾಗ ಖುಷಿಯಲ್ಲಿ ಸಹಿ ಮಾಡಿ ಕೊಟ್ಟುಬಿಡಬೇಡಿ. ಕನ್ಫರ್ಮ್ ಆದ ತಾರೀಖು ಫೆಬ್ರವರಿ 1 ಅಂತಿದೆಯೋ, ಪತ್ರ ಟೈಪ್ ಆದ ದಿನ ಅಂತಿದೆಯೋ ನೋಡಿ. ನಿಮ್ಮ ಕಡೆಯ ಬಾಕಿ ಏನೂ ಇರದೆ ಫಾರ್ಮ್ ಮಾತ್ರ ತಡವಾಗಿದ್ದರೆ ಫೆಬ್ರವರಿ 1 ಅಂತ ಮಾಡಿಕೊಡಲು ಕೇಳಿ, ಸಂಬಳದ ವ್ಯತ್ಯಾಸವೂ ಅಲ್ಲಿಂದಲೇ ಸಿಗುತ್ತದೆ. ಬಾಕಿ ಇದ್ದದ್ದು ನಿಮ್ಮದೇ ಆಗಿದ್ದರೆ ಅದು ಮುಗಿದ ದಿನದಿಂದ ಕೊಡುವುದು ನ್ಯಾಯವೇ. ಹುದ್ದೆಯ ಹೆಸರು, ಗ್ರೇಡ್, ಹೊಸ ಸಂಬಳ, ನೋಟಿಸ್ ಅವಧಿ ಓದಿ. ಸಹಿ ಮಾಡಿದ ಪ್ರತಿಯ ಒಂದು ಜೆರಾಕ್ಸ್ ಮನೆಯ ಫೈಲಿಗೆ ಹಾಕಿ. ಮನೆ ಸಾಲಕ್ಕೋ ಗಾಡಿ ಸಾಲಕ್ಕೋ ಬ್ಯಾಂಕಿನವರು ಅದನ್ನು ಕೇಳಬಹುದು.